ಸಭಾಂಗಣದ ಅನುರಣನವನ್ನು ಹಿಡಿದಿಡುವ ಬಗೆ

ಎಲ್ಲರಿಗೂ ನಮಸ್ಕಾರ.

1996ರ ಜನವರಿ 29ರ ರಾತ್ರಿ ವೆನಿಸ್ ನಗರದ ಲಾ ಫೆನಿಚೆ ಒಪೆರಾ ಮಂದಿರಕ್ಕೆ ಬೆಂಕಿ ಬಿತ್ತು. ಹೊರಗೋಡೆಗಳು ನಿಂತವು, ಒಳಗಿನದೆಲ್ಲ ಬೂದಿಯಾಯಿತು. ಮರದ ಕೆತ್ತನೆ, ಬಾಲ್ಕನಿಗಳ ಸಾಲು, ಚಾವಣಿ ಹೀಗೆ ಆ ಮಂದಿರಕ್ಕೆ ಅದರದೇ ಆದ ದನಿ ಕೊಟ್ಟಿದ್ದ ಯಾವುದೂ ಉಳಿಯಲಿಲ್ಲ. ಆದರೆ ಅದಕ್ಕೆ ಕೆಲವೇ ತಿಂಗಳು ಮೊದಲು ಲಂಬೆರ್ತೊ ತ್ರೊಂಕಿನ್ ಎಂಬ ಧ್ವನಿವಿಜ್ಞಾನಿ ಅಲ್ಲಿನ ಅನುರಣನದ, ಎಂದರೆ ಶಬ್ದ ನಿಂತ ಮೇಲೂ ಉಳಿಯುವ ಗುಂಗಿನ, ಅಳತೆ ತೆಗೆದಿಟ್ಟುಕೊಂಡಿದ್ದರು. ಆಮೇಲೆ ಆಂಜೆಲೊ ಫರೀನಾ ಅವರೊಂದಿಗೆ ಸೇರಿ ಅದನ್ನು ಪ್ರಕಟಿಸಿದರು. 2003ರ ಡಿಸೆಂಬರಿನಲ್ಲಿ ಹೊಸ ಮಂದಿರ ಬಾಗಿಲು ತೆರೆಯುವ ಹೊತ್ತಿಗೆ, ಹಳೆಯದು ಹೇಗೆ ಕೇಳುತ್ತಿತ್ತು ಎಂಬುದಕ್ಕೆ ಹಿರಿಯರ ನೆನಪಿನ ಜೊತೆಗೆ ಅಳೆದ ಅಂಕಿಗಳೂ ಇದ್ದವು. ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿ 2019ರ ಏಪ್ರಿಲಿನಲ್ಲಿ ಉರಿದಾಗಲೂ ಹಾಗೆಯೇ ಆಯಿತು. ಬ್ರಯಾನ್ ಕಾಟ್ಸ್ ಅವರ ತಂಡ 2013ರಲ್ಲಿ ಅಲ್ಲಿ ತೆಗೆದಿದ್ದ ಅಳತೆಗಳು ಕೈಯಲ್ಲಿದ್ದವು.

ಆ ಅಳತೆಯ ಹೆಸರು ಇಂಪಲ್ಸ್ ರೆಸ್ಪಾನ್ಸ್, ಎಂದರೆ ಒಂದು ಪೆಟ್ಟಿಗೆ ಸಭಾಂಗಣ ಕೊಡುವ ಉತ್ತರ. ರೆಕಾರ್ಡಿಂಗ್ ಕೆಲಸದವರು ಚಿಕ್ಕದಾಗಿ ಐಆರ್ ಅನ್ನುತ್ತಾರೆ. ಕಂಪ್ಯೂಟರಿನಲ್ಲಿ ನೋಡಿದರೆ ಅದು ಎರಡು ಮೂರು ಸೆಕೆಂಡಿನ ಒಂದು ಸಾಮಾನ್ಯ ವೇವ್ ಫೈಲು. ಕೇಳಿದರೆ ಯಾರೋ ಸಭಾಂಗಣದಲ್ಲಿ ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ಹೊಡೆದು ಸುಮ್ಮನಾದ ಹಾಗಿರುತ್ತದೆ. ಇಷ್ಟು ಚಿಕ್ಕ ಫೈಲಿನಿಂದ ಇಡೀ ಒಂದು ಕಛೇರಿ ಆ ಸಭಾಂಗಣದಲ್ಲೇ ನಡೆದಂತೆ ಕೇಳಿಸಲು ಹೇಗೆ ಸಾಧ್ಯ? ಅಂಥ ಫೈಲನ್ನು ನಾವೇ ಹಿಡಿಯಬೇಕಾದರೆ ಏನೇನು ಮಾಡಬೇಕು? ಇವೆರಡನ್ನೇ ಇವತ್ತು ಮಾತಾಡುತ್ತೇನೆ. ಎರಡನೆಯದಕ್ಕೆ ಹೆಚ್ಚು ಸಮಯ ಕೊಡುತ್ತೇನೆ, ಏಕೆಂದರೆ ಕೆಲಸ ಕೆಡುವುದು ಅಲ್ಲಿಯೇ.

ಮೃದಂಗದ ಒಂದು ಪೆಟ್ಟನ್ನು ತೆಗೆದುಕೊಳ್ಳಿ. ಡಿಜಿಟಲ್ ರೆಕಾರ್ಡಿಂಗಿನಲ್ಲಿ ಅದು ಅಂಕಿಗಳ ಸಾಲು, ಸೆಕೆಂಡಿಗೆ 48,000 ಅಂಕಿ. ಒಂದೊಂದು ಅಂಕಿಯನ್ನೂ ಒಂದು ಕಿರು ಪೆಟ್ಟು ಎಂದೇ ನೋಡಬಹುದು. ಸಭಾಂಗಣ ಒಂದು ಕಿರು ಪೆಟ್ಟಿಗೆ ಹೇಗೆ ಉತ್ತರಿಸುತ್ತದೆ ಎಂದು ಗೊತ್ತಿದ್ದರೆ, ಇಮ್ಮಡಿ ಬಲದ ಪೆಟ್ಟಿಗೆ ಅದೇ ಉತ್ತರ ಇಮ್ಮಡಿಯಾಗಿ ಬರುತ್ತದೆ. ತಡವಾಗಿ ಬಿದ್ದ ಪೆಟ್ಟಿಗೆ ಅಷ್ಟೇ ತಡವಾಗಿ ಬರುತ್ತದೆ. ಎರಡು ಪೆಟ್ಟು ಬಿದ್ದರೆ ಎರಡು ಉತ್ತರಗಳೂ ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಗಾಳಿ ಮತ್ತು ಗೋಡೆಗಳು ಸಂಗೀತದ ಮಟ್ಟದ ಶಬ್ದಕ್ಕೆ ಹೀಗೆಯೇ ನಡೆದುಕೊಳ್ಳುತ್ತವೆ. ಕನ್ವಲ್ಯೂಶನ್ ಎಂಬ ಲೆಕ್ಕ ಪೂರ್ತಿಯಾಗಿ ನಿಂತಿರುವುದು ಇದರ ಮೇಲೆ.

ಚಿಕ್ಕ ಅಂಕಿಗಳಲ್ಲಿ ಮಾಡಿ ನೋಡೋಣ. ಸಭಾಂಗಣದ ಉತ್ತರ 1, 0, 0.5, 0.25 ಎಂದಿರಲಿ. ಎಂದರೆ ಮೊದಲು ನೇರ ಶಬ್ದ, ಆಮೇಲೆ ಒಂದು ಹೆಜ್ಜೆ ಮೌನ, ಆಮೇಲೆ ಅರ್ಧ ಬಲದ ಪ್ರತಿಫಲನ, ಕೊನೆಗೆ ಕಾಲು ಬಲದ್ದು. ನಮ್ಮ ವಾದ್ಯದ ಶಬ್ದದಲ್ಲಿ ಎರಡೇ ಅಂಕಿ ಇವೆ, 2 ಮತ್ತು 4. ಮೊದಲ ಪೆಟ್ಟು ತರುವ ಉತ್ತರ 2, 0, 1, 0.5. ಎರಡನೆಯದು ಒಂದು ಹೆಜ್ಜೆ ತಡವಾಗಿ 4, 0, 2, 1 ತರುತ್ತದೆ. ಕೂಡಿಸಿದರೆ 2, 4, 1, 2.5, 1. ಇಷ್ಟೇ ಕನ್ವಲ್ಯೂಶನ್. ಹಾಡು ಎಷ್ಟೇ ಉದ್ದವಿದ್ದರೂ ಇದಕ್ಕಿಂತ ಬೇರೆ ಯಾವ ಲೆಕ್ಕವೂ ಒಳಗೆ ಇಲ್ಲ.

ತೊಂದರೆ ಗಾತ್ರದ್ದು. ಎರಡು ಸೆಕೆಂಡಿನ ಐಆರ್‌ನಲ್ಲಿ 96,000 ಅಂಕಿ ಇರುತ್ತವೆ. ಹೊರಬರುವ ಒಂದೊಂದು ಅಂಕಿಗೂ ಅಷ್ಟು ಗುಣಾಕಾರ, ಸೆಕೆಂಡಿಗೆ 48,000 ಸಲ. ಲೆಕ್ಕ ಹಾಕಿದರೆ ಸೆಕೆಂಡಿಗೆ 460 ಕೋಟಿ ಗುಣಾಕಾರ. ಶಬ್ದವನ್ನು ತುಂಡುತುಂಡಾಗಿ ಅದರೊಳಗಿನ ಆವೃತ್ತಿಗಳಾಗಿ ಬಿಡಿಸಿಕೊಂಡು ಈ ಲೆಕ್ಕ ಮಾಡಿದರೆ ಎಷ್ಟೋ ಪಟ್ಟು ಬೇಗ ಮುಗಿಯುತ್ತದೆ, ಆದರೆ ಉದ್ದನೆಯ ತುಂಡು ತುಂಬುವವರೆಗೆ ಕಾಯಬೇಕಾಗುತ್ತದೆ. ವಿಲಿಯಂ ಗಾರ್ಡ್ನರ್ 1995ರಲ್ಲಿ ಇದಕ್ಕೆ ದಾರಿ ತೋರಿಸಿದರು. ಐಆರ್‌ನ ಮೊದಲ ಭಾಗವನ್ನು ಚಿಕ್ಕ ತುಂಡುಗಳಾಗಿಯೂ ಬಾಲವನ್ನು ದೊಡ್ಡ ತುಂಡುಗಳಾಗಿಯೂ ಒಡೆದರೆ ತಡವೂ ಇಲ್ಲ, ಹೊರೆಯೂ ಇಲ್ಲ. 1999ರಲ್ಲಿ ಸೋನಿ ಕಂಪನಿಯ DRE-S777 ಯಂತ್ರ ಇಂಥ ಲೆಕ್ಕವನ್ನು ನೇರ ಸಮಯದಲ್ಲೇ ಮಾಡಿತು. ಇವತ್ತು ಸಾಧಾರಣ ಲ್ಯಾಪ್‌ಟಾಪ್ ಕೂಡ ಮಾಡುತ್ತದೆ.

ಈಗ ಅಳತೆಯ ವಿಷಯಕ್ಕೆ ಬರೋಣ. ಪೆಟ್ಟಿಗೆ ಬರುವ ಉತ್ತರ ಬೇಕು ಎಂದರೆ ನೇರ ದಾರಿ ಪೆಟ್ಟು ಕೊಡುವುದೇ. ಬಲೂನು ಒಡೆಯಬಹುದು, ಖಾಲಿ ತೋಟಾದ ಪಿಸ್ತೂಲು ಹಾರಿಸಬಹುದು. ಇಸ್ತಾಂಬುಲಿನ ಹಾಗಿಯಾ ಸೋಫಿಯಾದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಬಲೂನನ್ನೇ ಒಡೆದರು. ಅದು ಆಗ ವಸ್ತುಸಂಗ್ರಹಾಲಯವಾಗಿತ್ತು, ಒಳಗೆ ಹಾಡುವ ಹಾಗಿರಲಿಲ್ಲ. ಆ ಕೆಲವು ಬಲೂನು ಶಬ್ದಗಳಿಂದ ಅಲ್ಲಿನ ಸುಮಾರು 11 ಸೆಕೆಂಡಿನ ಅನುರಣನವನ್ನು ಕಟ್ಟಿದರು. ಕಪೆಲ್ಲಾ ರೊಮಾನಾ ಎಂಬ ಗಾಯನ ತಂಡ ಕ್ಯಾಲಿಫೋರ್ನಿಯಾದಲ್ಲಿ ಹಾಡಿ, ಆ ಅನುರಣನ ಸೇರಿದ ಧ್ವನಿಮುದ್ರಿಕೆಯನ್ನು 2019ರಲ್ಲಿ ಹೊರತಂದಿತು. ಬೇರೆ ದಾರಿ ಇಲ್ಲದಿದ್ದಾಗ ಬಲೂನು ಒಳ್ಳೆಯದೇ. ಆದರೆ ಒಂದು ಬಲೂನು ಇನ್ನೊಂದರ ಹಾಗೆ ಒಡೆಯುವುದಿಲ್ಲ, ಕೆಳ ಸ್ವರಗಳಲ್ಲಿ ಅದಕ್ಕೆ ಬಲ ಸಾಲದು, ಶಬ್ದ ಎಲ್ಲ ದಿಕ್ಕಿಗೂ ಸಮನಾಗಿ ಹರಡುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಸಭಾಂಗಣದ ಹಿನ್ನೆಲೆ ಗದ್ದಲ. ಲೆಕ್ಕ ಕೇಳಿ. ಶಬ್ದ 60 ಡೆಸಿಬೆಲ್ ಇಳಿಯಲು ಹಿಡಿಯುವ ಕಾಲವನ್ನು ಅನುರಣನ ಕಾಲ ಅನ್ನುತ್ತೇವೆ. ನಮ್ಮ ಸಭಾಂಗಣದಲ್ಲಿ ಅದು 1.6 ಸೆಕೆಂಡ್ ಇರಲಿ. ಅಳತೆಯ ಆರಂಭದ ಶಬ್ದಕ್ಕಿಂತ ಹಿನ್ನೆಲೆ ಗದ್ದಲ 45 ಡೆಸಿಬೆಲ್ ಮಾತ್ರ ಕೆಳಗಿದ್ದರೆ, 1.2 ಸೆಕೆಂಡಿಗೇ ಬಾಲ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಅಲ್ಲಿಂದ ಮುಂದೆ ಫೈಲಿನಲ್ಲಿರುವುದು ಸಭಾಂಗಣವಲ್ಲ, ಬರೀ ಸುಯ್ಲು. ಬಲೂನಿನ ಶಬ್ದವನ್ನು ಬೇಕಾದಷ್ಟು ಹೆಚ್ಚಿಸಲು ಆಗುವುದಿಲ್ಲ. ಸ್ಪೀಕರಿನಿಂದ ಒಂದೇ ಕ್ಷಣದ ಪೆಟ್ಟು ಕೊಡಲು ಹೋದರೂ ಕೋನು ಅಷ್ಟು ಬಲ ತಾಳುವುದಿಲ್ಲ.

ಬಿಂದಿಗೆಯ ನೀರನ್ನು ಒಮ್ಮೆಗೇ ಗಿಡದ ಬುಡಕ್ಕೆ ಸುರಿಯುವ ಬದಲು ಸಣ್ಣ ಧಾರೆಯಾಗಿ ಬಿಟ್ಟರೂ ಅಷ್ಟೇ ನೀರು ಇಳಿಯುತ್ತದೆ. ಶಕ್ತಿಯನ್ನು ಹಾಗೆ ಕಾಲದುದ್ದಕ್ಕೂ ಹರಡಿ, ಆಮೇಲೆ ಲೆಕ್ಕದಲ್ಲಿ ಒಂದೇ ಕ್ಷಣಕ್ಕೆ ಮತ್ತೆ ಕೂಡಿಸಿಕೊಳ್ಳುವುದೇ ಸ್ವೀಪ್ ವಿಧಾನ. 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಏರುತ್ತ ಹೋಗುವ ಒಂದೇ ಶುದ್ಧ ಸ್ವರವನ್ನು ಸ್ಪೀಕರಿನಲ್ಲಿ ನುಡಿಸುತ್ತೇವೆ. ಒಂದೊಂದು ಸ್ಥಾಯಿಗೂ ಸಮನಾದ ಹೊತ್ತು ಸಿಗುವ ಹಾಗೆ ಅದು ಏರುತ್ತದೆ. ಪಾರ್ಮಾ ವಿಶ್ವವಿದ್ಯಾಲಯದ ಅದೇ ಫರೀನಾ ಅವರು 2000ದಲ್ಲಿ ಮುಂದಿಟ್ಟ ರೂಪ ಇದು. ಈಗ ಹೆಚ್ಚಿನವರು ಬಳಸುವುದು ಇದನ್ನೇ. ಸ್ವೀಪ್ ಉದ್ದ ಇಮ್ಮಡಿಯಾದಾಗಲೆಲ್ಲ ಗದ್ದಲದ ಮೇಲೆ 3 ಡೆಸಿಬೆಲ್ ಗೆಲುವು ಸಿಗುತ್ತದೆ. 5 ಸೆಕೆಂಡಿನ ಬದಲು 20 ಸೆಕೆಂಡ್ ನುಡಿಸಿದರೆ 6 ಡೆಸಿಬೆಲ್.

ರೆಕಾರ್ಡ್ ಆದ ಸ್ವೀಪನ್ನು ಐಆರ್ ಆಗಿ ಕುಗ್ಗಿಸಲು, ಅದೇ ಸ್ವೀಪನ್ನು ಹಿಂದುಮುಂದಾಗಿಸಿ, ಕೆಳ ಸ್ವರಗಳ ಕಡೆಗೆ ಹೋದಂತೆ ಸ್ಥಾಯಿಗೆ 6 ಡೆಸಿಬೆಲ್‌ನಂತೆ ಇಳಿಸಿ, ರೆಕಾರ್ಡಿಂಗಿನೊಂದಿಗೆ ಕನ್ವಲ್ಯೂಶನ್ ಮಾಡಬೇಕು. ಒಂದೊಂದು ಹರ್ಟ್ಸ್ ಲೆಕ್ಕದಲ್ಲಿ ನೋಡಿದರೆ ಕೆಳ ಸ್ವರಗಳ ಮೇಲೆ ಸ್ವೀಪ್ ಹೆಚ್ಚು ಹೊತ್ತು ನಿಂತಿರುತ್ತದಲ್ಲ, ಆ ಹೆಚ್ಚಳವನ್ನು ಈ ಇಳಿಕೆ ಸರಿದೂಗಿಸುತ್ತದೆ. ಪೈಥಾನ್ ಬಲ್ಲವರಿಗೆ ಇಷ್ಟು ಸಾಕು:

```python
import numpy as np
from scipy.signal import fftconvolve

fs, T, f1, f2 = 48000, 20, 20, 20000
t = np.arange(T * fs) / fs
R = np.log(f2 / f1)
sweep = np.sin(2*np.pi*f1*T/R * (np.exp(t*R/T) - 1))
inverse = sweep[::-1] * np.exp(-t*R/T)
ir = fftconvolve(recording, inverse)
```

ಇಲ್ಲಿ `recording` ಎಂಬುದು ಸಭಾಂಗಣದಲ್ಲಿ ಮೈಕಿಗೆ ಬಂದದ್ದು. ಫಲಿತಾಂಶದಲ್ಲಿ 20 ಸೆಕೆಂಡಿನ ಗುರುತೇ ನಮ್ಮ ಸೊನ್ನೆ. ಐಆರ್ ಶುರುವಾಗುವುದು ಅಲ್ಲಿಂದ. ಅದಕ್ಕೂ ಮುಂಚೆ ಏನಾದರೂ ಕಂಡರೆ ಗಾಬರಿ ಬೇಡ. ಸ್ಪೀಕರ್ ತಾನಾಗಿ ಸೇರಿಸುವ ವಿಕೃತಿ ಇದೆಯಲ್ಲ, ಎಂದರೆ 100 ಹರ್ಟ್ಸ್ ನುಡಿಸು ಎಂದರೆ ಜೊತೆಗೆ 200 ಹರ್ಟ್ಸ್ ಕೂಡ ಸ್ವಲ್ಪ ನುಡಿಸುವುದು, ಅದು ಈ ವಿಧಾನದಲ್ಲಿ ಬೇರೆಯಾಗಿ ಎದುರಿಗೆ ಬಂದು ನಿಲ್ಲುತ್ತದೆ. ಮೇಲಿನ ಅಂಕಿಗಳಿಗೆ ಇಮ್ಮಡಿ ಆವೃತ್ತಿಯ ವಿಕೃತಿ ಸೊನ್ನೆಗಿಂತ ಸುಮಾರು 2 ಸೆಕೆಂಡ್ ಮುಂಚೆ, ಮುಮ್ಮಡಿಯದು ಸುಮಾರು 3.2 ಸೆಕೆಂಡ್ ಮುಂಚೆ ಬೀಳುತ್ತದೆ. ಕತ್ತರಿಸಿ ಎಸೆದರೆ ಆಯಿತು. ಈ ವಿಧಾನದಲ್ಲಿ ನನಗೆ ತುಂಬ ಇಷ್ಟವಾದ ಗುಣ ಇದೇ. ಅನುರಣನ ಬಹಳ ಉದ್ದವಿರುವ ಜಾಗದಲ್ಲಿ ಮಾತ್ರ ವಿಕೃತಿಯ ಬಾಲ ಸೊನ್ನೆಯನ್ನು ದಾಟಿ ಐಆರ್ ಒಳಗೆ ನುಗ್ಗಬಹುದು. ಅಲ್ಲಿ ಸ್ವೀಪ್ ಇನ್ನೂ ಉದ್ದ ಮಾಡಬೇಕು.

ಒಂದು ಸಭಾಂಗಣವನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆಯೋಣ. 24 ಮೀಟರ್ ಉದ್ದ, 15 ಮೀಟರ್ ಅಗಲ, 10 ಮೀಟರ್ ಎತ್ತರ, ಅನುರಣನ ಕಾಲ 1.6 ಸೆಕೆಂಡ್. ಜಿಲ್ಲಾ ಕೇಂದ್ರಗಳಲ್ಲಿ ಇಂಥವು ಇರುತ್ತವೆ. ಹಾಡುಗಾರರು ಕೂರುವ ಜಾಗದಲ್ಲಿ, ವೇದಿಕೆಯ ಹಿಂಗೋಡೆಯಿಂದ 3 ಮೀಟರ್ ಮುಂದೆ, ಒಂದು ಒಳ್ಳೆಯ ಸ್ಟುಡಿಯೋ ಸ್ಪೀಕರನ್ನು ಸಭಿಕರ ಕಡೆಗೆ ಮುಖಮಾಡಿ ಇಡುತ್ತೇನೆ. ಕಟ್ಟಡದ ಗುಣವನ್ನೇ ಅಳೆಯುವವರು ಹನ್ನೆರಡು ಮುಖದ, ಎಲ್ಲ ದಿಕ್ಕಿಗೂ ನುಡಿಯುವ ಸ್ಪೀಕರ್ ಬಳಸುತ್ತಾರೆ. ನಮಗೆ ಬೇಕಾದದ್ದು ಹಾಡಿನ ಮೇಲೆ ಹಾಕುವ ಅನುರಣನ. ಹಾಡುಗಾರರ ಬಾಯಿಯೂ ಮುಂದಕ್ಕೇ ಹೆಚ್ಚು ಶಬ್ದ ಕಳಿಸುವುದರಿಂದ ಸ್ಟುಡಿಯೋ ಸ್ಪೀಕರೇ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ.

ಮೈಕುಗಳು ಎಷ್ಟು ದೂರ? ನೇರ ಶಬ್ದ ಮತ್ತು ಅನುರಣನ ಸಮಬಲವಾಗುವ ದೂರವೊಂದಿದೆ. ಎಲ್ಲ ದಿಕ್ಕಿಗೂ ನುಡಿಯುವ ಮೂಲಕ್ಕೆ ಅದು 0.057ನ್ನು, ಗಾತ್ರವನ್ನು ಅನುರಣನ ಕಾಲದಿಂದ ಭಾಗಿಸಿದ ಸಂಖ್ಯೆಯ ವರ್ಗಮೂಲದಿಂದ ಗುಣಿಸಿದಷ್ಟು. ನಮ್ಮ 3,600 ಘನ ಮೀಟರಿಗೆ 2.7 ಮೀಟರ್ ಬರುತ್ತದೆ. ಅದರ ಒಳಗೆ ಇಟ್ಟರೆ ಸ್ಪೀಕರನ್ನೇ ರೆಕಾರ್ಡ್ ಮಾಡಿದಂತೆ. ಮುಂದಕ್ಕೆ ಮುಖಮಾಡಿದ ಸ್ಪೀಕರಿಗೆ ಈ ದೂರ ಇನ್ನಷ್ಟು ಬೆಳೆಯುತ್ತದೆ. ಹಾಗಾಗಿ ಧಾರಾಳವಾಗಿ ಹಿಂದೆ ಹೋಗಿ, 12 ಮೀಟರ್ ದೂರದಲ್ಲಿ ಎಲ್ಲ ದಿಕ್ಕಿನ ಶಬ್ದವನ್ನೂ ಹಿಡಿಯುವ ಒಂದು ಜೊತೆ ಮೈಕುಗಳನ್ನು ನಿಲ್ಲಿಸುತ್ತೇನೆ.

ಹೊತ್ತು ಬೆಳಗಿನ ಜಾವ. ಟ್ಯೂಬ್‌ಲೈಟಿನ ಚೋಕಿನ ಗುಂಯ್‌ಗುಡುವಿಕೆ, ಫ್ಯಾನು, ಏಸಿ ಎಲ್ಲವನ್ನೂ ಆರಿಸಬೇಕು. ಫ್ಯಾನು ಗದ್ದಲ ಮಾಡುವುದಷ್ಟೇ ಅಲ್ಲ, ತಿರುಗುವ ರೆಕ್ಕೆ ಮತ್ತು ಕಲಕಿದ ಗಾಳಿ ಕ್ಷಣಕ್ಷಣಕ್ಕೂ ಶಬ್ದದ ದಾರಿಯನ್ನು ಬದಲಿಸುತ್ತವೆ. ಸಭಾಂಗಣ ಈಗಿರುವಂತೆಯೇ ಮುಂದಿನ ಕ್ಷಣವೂ ಇರುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ಲೆಕ್ಕ ನಿಂತಿದೆಯಲ್ಲ, ಅದು ಮುರಿಯುತ್ತದೆ. ಚಿಕ್ಕ ಸ್ವೀಪುಗಳನ್ನು ಹಲವು ಸಲ ನುಡಿಸಿ ಸರಾಸರಿ ತೆಗೆಯುವುದಕ್ಕಿಂತ ಒಂದೇ ಉದ್ದ ಸ್ವೀಪ್ ಮೇಲು ಎನ್ನುವುದೂ ಇದೇ ಕಾರಣಕ್ಕೆ. ಗಾಳಿ ಕೊಂಚ ಕದಲಿದರೂ ಒಂದು ಸಲದ ಮೇಲ್‌ಸ್ವರಗಳು ಇನ್ನೊಂದು ಸಲದವಕ್ಕೆ ಹೊಂದದೆ, ಸರಾಸರಿಯಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ.

ಮೊದಲು ಮೆಲ್ಲನೆಯ ಮಟ್ಟದಲ್ಲಿ ಒಮ್ಮೆ ನುಡಿಸಿ ನೋಡಿ. ಸ್ವೀಪಿನ ಕೊನೆಯ ಭಾಗ ಸ್ಪೀಕರಿನಲ್ಲಿ ಮೇಲ್‌ಸ್ವರ ನುಡಿಸುವ ಟ್ವೀಟರನ್ನು ಸುಡಬಲ್ಲದು. ಸ್ವೀಪಿನ ಎರಡೂ ತುದಿಗಳು ನವಿರಾಗಿ ಏರಿ ಇಳಿಯುವಂತಿರಲಿ, ಮುಗಿದ ಮೇಲೆ ಐದು ಸೆಕೆಂಡ್ ಮೌನವನ್ನೂ ರೆಕಾರ್ಡ್ ಮಾಡಿ. ಅಷ್ಟು ಹೊತ್ತೂ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲಬೇಕು.

ಬಂದ ಐಆರ್ ಸರಿಯಿದೆಯೇ ಎಂದು ಅಲ್ಲಿಯೇ, ಸಾಮಾನು ಕಟ್ಟುವ ಮೊದಲು ಪರೀಕ್ಷಿಸಬೇಕು. ನಮ್ಮ ಸಭಾಂಗಣಕ್ಕೆ ಜ್ಯಾಮಿತಿಯೇ ಸಾಕ್ಷಿ. 28 ಡಿಗ್ರಿ ಸೆಖೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 348 ಮೀಟರ್ ಹೋಗುತ್ತದೆ. 12 ಮೀಟರ್ ದೂರಕ್ಕೆ ನೇರ ಶಬ್ದ 34.5 ಮಿಲಿಸೆಕೆಂಡಿಗೆ ಬರಬೇಕು. ಪಕ್ಕದ ಗೋಡೆಗೆ ತಾಗಿ ಬರುವುದು 7.2 ಮೀಟರ್ ಹೆಚ್ಚು ನಡೆದು 21 ಮಿಲಿಸೆಕೆಂಡ್ ತಡವಾಗಿ, ಸಭಿಕರ ಬೆನ್ನ ಹಿಂದಿನ ಗೋಡೆಯದು 18 ಮೀಟರ್ ಹೆಚ್ಚು ನಡೆದು 52 ಮಿಲಿಸೆಕೆಂಡ್ ತಡವಾಗಿ ಕಾಣಬೇಕು. ತೆರೆಯ ಮೇಲೆ ಆ ಜಾಗಗಳಲ್ಲಿ ಶಿಖರಗಳು ಕಂಡರೆ ಅಳತೆಯನ್ನು ನಂಬಬಹುದು. ಮೈಕು, ಸ್ಪೀಕರುಗಳನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್ ಸೇರಿಸುವ ತಡವನ್ನು ಕಳೆಯಲು, ಒಂದು ಔಟ್‌ಪುಟ್ಟನ್ನು ತಂತಿಯಲ್ಲಿ ನೇರ ಇನ್‌ಪುಟ್ಟಿಗೆ ಕೊಟ್ಟು ಅದನ್ನೂ ಜೊತೆಗೆ ರೆಕಾರ್ಡ್ ಮಾಡಿಕೊಳ್ಳುವುದು ನನ್ನ ರೂಢಿ.

ಕೆಟ್ಟ ಅಳತೆಯನ್ನು ಕಿವಿಯೇ ಹಿಡಿಯುತ್ತದೆ. ಐಆರ್ ಕೇಳುವಾಗ ಮೇಲಿನಿಂದ ಕೆಳಕ್ಕೆ ಜಾರುವ ಸೀಟಿಯಂಥ ಶಬ್ದವೊಂದು ಸೇರಿದ್ದರೆ, ಸ್ವೀಪ್ ನುಡಿಯುತ್ತಿದ್ದಾಗ ಯಾರೋ ಕುರ್ಚಿ ಸರಿಸಿದ್ದಾರೆ ಅಥವಾ ಬಾಗಿಲು ಬಡಿದಿದೆ. ಆ ಒಂದು ಟಕ್ ಶಬ್ದ ಹಿಂದುಮುಂದಾದ ಸ್ವೀಪಿನೊಂದಿಗೆ ಕೂಡಿ ಹಾಗೆ ಎಳೆದುಕೊಳ್ಳುತ್ತದೆ. ಅದನ್ನು ಆಮೇಲೆ ತೊಳೆಯಲು ಹೋಗಬೇಡಿ, ಮತ್ತೆ ನುಡಿಸಿ. ನೇರ ಶಬ್ದ ಚೂಪಾಗಿ ಬರುವ ಬದಲು ಚಿಂವ್ ಎಂದು ಹರಡಿಕೊಂಡಿದ್ದರೆ, ನುಡಿಸಿದ ಯಂತ್ರ ಒಂದು, ರೆಕಾರ್ಡ್ ಮಾಡಿದ ಯಂತ್ರ ಇನ್ನೊಂದು ಎಂದರ್ಥ. ಎರಡು ಗಡಿಯಾರಗಳ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ 20 ಸೆಕೆಂಡಿನ ಕೊನೆಗೆ ಒಂದು ಮಿಲಿಸೆಕೆಂಡ್, ಅಂದರೆ 48 ಅಂಕಿಗಳಷ್ಟು ಜಾರಿರುತ್ತದೆ. ಒಂದೇ ಇಂಟರ್‌ಫೇಸಿನಿಂದ ನುಡಿಸಿ ಅದರಲ್ಲೇ ರೆಕಾರ್ಡ್ ಮಾಡುವುದು ಇದಕ್ಕೆ ಮದ್ದು.

ಮನೆಗೆ ಬಂದ ಮೇಲೆ ಮಾಡುವ ಕೆಲಸ ಕಡಿಮೆ. ಸೊನ್ನೆಗೆ ಮುಂಚಿನದನ್ನು ಕತ್ತರಿಸಿ. ಬಾಲ ಗದ್ದಲಕ್ಕೆ ಸೇರುವ ಜಾಗವನ್ನು ಡೆಸಿಬೆಲ್ ನೋಟದಲ್ಲಿ ಹುಡುಕಿ, ಅಲ್ಲಿಗೆ ಮುಟ್ಟುವಷ್ಟರಲ್ಲಿ ನವಿರಾಗಿ ಮೌನಕ್ಕೆ ಇಳಿಸಿ. ಇಳಿಸದಿದ್ದರೆ ಹಾಡು ನಿಂತ ಮೇಲೂ ಹಿಂದೆ ಒಂದು ಸುಯ್ಲು ಉಳಿದು ಆಮೇಲೆ ಥಟ್ಟನೆ ಕಡಿದುಹೋಗುತ್ತದೆ. ಎಡ ಬಲ ಚಾನೆಲ್‌ಗಳ ಮಟ್ಟವನ್ನು ಬೇರೆಬೇರೆಯಾಗಿ ಎತ್ತಬೇಡಿ, ಸಭಾಂಗಣ ಒಂದು ಬದಿಗೆ ವಾಲುತ್ತದೆ. ಇನ್ನೊಂದು ವಿಷಯವನ್ನು ಹಲವರು ಮರೆಯುತ್ತಾರೆ. ಮಿಕ್ಸ್‌ನಲ್ಲಿ ಮೂಲ ದನಿ ಹೇಗೂ ಇರುತ್ತದೆ. ಐಆರ್ ಒಳಗಿನ ನೇರ ಶಬ್ದವೂ ಅದರ ಜೊತೆ ಬಂದರೆ ಅದೇ ದನಿ ಎರಡು ಸಲ ಕೂಡಿ, ಕೆಲವು ಸ್ವರಗಳು ಟೊಳ್ಳಾಗಿ ಕೇಳುತ್ತವೆ. ಹಾಗಾಗಿ ನೇರ ಶಬ್ದ ತೆಗೆದದ್ದೊಂದು, ಇರುವುದೊಂದು, ಎರಡು ಪ್ರತಿ ಮಾಡಿಟ್ಟುಕೊಳ್ಳಿ. ಕತ್ತರಿಸದ ಮೂಲ ಸ್ವೀಪ್ ರೆಕಾರ್ಡಿಂಗ್, ನುಡಿಸಿದ ಸ್ವೀಪ್ ಫೈಲು, ಸ್ಪೀಕರ್ ಮೈಕುಗಳ ಸ್ಥಾನ ಬರೆದ ನಕ್ಷೆ, ಅಂದಿನ ತಾಪಮಾನ, ಪರದೆ ಎಳೆದಿತ್ತೋ ಇಲ್ಲವೋ, ಇವೆಲ್ಲ ಒಂದೇ ಫೋಲ್ಡರಿನಲ್ಲಿರಲಿ. ಹತ್ತು ವರ್ಷದ ಮೇಲೆ ಇನ್ನೂ ಉತ್ತಮ ವಿಧಾನ ಬಂದರೆ ಮತ್ತೆ ಕುಗ್ಗಿಸಿಕೊಳ್ಳಲು ಬೇಕಾಗುವುದು ಇವೇ.

ಇದರ ಮಿತಿಯನ್ನೂ ಹೇಳಬೇಕು. ಹಿಡಿದದ್ದು ಸಭಾಂಗಣವನ್ನಲ್ಲ, ಆ ಸ್ಪೀಕರಿನ ಜಾಗದಿಂದ ಆ ಮೈಕಿನ ಜಾಗಕ್ಕೆ ಶಬ್ದ ಹೋದ ದಾರಿಗಳನ್ನು. ವಿಜಯಪುರದ ಗೋಳಗುಮ್ಮಟ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ ಮಾತು ಸುಮಾರು 38 ಮೀಟರ್ ಆಚೆ, ಎದುರು ಗೋಡೆಗೆ ಕಿವಿಯಿಟ್ಟವರಿಗೆ ಕೇಳುತ್ತದೆ, ಕೆಳಗೆ ನೆಲದ ಮೇಲೆ ನಿಂತವರಿಗೆ ಕೇಳುವುದಿಲ್ಲ. ಎರಡು ಜಾಗಕ್ಕೆ ಎರಡು ಐಆರ್. ನಮ್ಮ ಕಛೇರಿಯ ವಿಷಯದಲ್ಲೂ ಹಾಡುಗಾರರು, ಪಿಟೀಲು, ಮೃದಂಗ ಮೂರನ್ನೂ ಒಂದೇ ಐಆರ್ ಮೂಲಕ ಹಾಯಿಸಿದರೆ ಮೂವರೂ ಒಂದೇ ಚಾಪೆಯ ಒಂದೇ ಬಿಂದುವಿನಲ್ಲಿ ಕೂತಂತೆ ಕೇಳುತ್ತದೆ. ಮೈಕು ಕದಲಿಸದೆ ಸ್ಪೀಕರನ್ನು ಮೂರೂ ಜಾಗಗಳಲ್ಲಿಟ್ಟು ಮೂರು ಸ್ವೀಪ್ ನುಡಿಸಿಕೊಳ್ಳಿ. ಅಲ್ಲಿಯೇ ನಿಂತಿರುವಾಗ ಅದು ಹೆಚ್ಚುವರಿ ಎರಡು ನಿಮಿಷದ ಕೆಲಸ. ಹಾಗೆಯೇ ಈ ಅನುರಣನವನ್ನು ಹಾಕುವ ರೆಕಾರ್ಡಿಂಗಿನಲ್ಲಿ ಮೊದಲೇ ಬೇರೆ ಅನುರಣನ ಇರಬಾರದು. ಪ್ರತಿಧ್ವನಿಸುವ ಕೋಣೆಯಲ್ಲಿ ಹಾಡಿದ್ದಾದರೆ ಕೋಣೆಯೊಳಗೆ ಕೂತು ಹಾಡಿದ್ದು ಸಭಾಂಗಣದಲ್ಲಿ ಕೇಳುತ್ತದೆ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

"ಸರ್, ಖಾಲಿ ಸಭಾಂಗಣದಲ್ಲಿ ಅಳೆದದ್ದು ಜನ ತುಂಬಿದಾಗಿನ ದನಿ ಹೇಗಾಗುತ್ತದೆ?" ಎಂದು ಒಬ್ಬರು ಕೇಳಿದರು. ಆಗುವುದಿಲ್ಲ. ಜನರ ಮೈ ಮತ್ತು ಬಟ್ಟೆ ಮಧ್ಯಮ ಹಾಗೂ ಮೇಲ್‌ಸ್ವರಗಳನ್ನು ಚೆನ್ನಾಗಿ ಹೀರುತ್ತವೆ. ದಪ್ಪ ಮೆತ್ತೆಯ ಆಸನಗಳಿದ್ದಲ್ಲಿ ವ್ಯತ್ಯಾಸ ಕಡಿಮೆ, ಮರದ ಅಥವಾ ಪ್ಲಾಸ್ಟಿಕ್ ಕುರ್ಚಿಗಳಿದ್ದಲ್ಲಿ ಬಹಳ. ಐಆರ್ ಬಾಲ ಬೇಗ ಇಳಿಯುವಂತೆ ಮಾಡಿ, ಮೇಲ್‌ಸ್ವರಗಳನ್ನು ಇನ್ನೂ ಸ್ವಲ್ಪ ಬೇಗ ಇಳಿಸಿ ಹತ್ತಿರಕ್ಕೆ ತರಬಹುದು. ತದ್ವಿರುದ್ಧ ಕೆಲಸ, ಅಂದರೆ ಚಿಕ್ಕ ಬಾಲವನ್ನು ಹಿಗ್ಗಿಸುವುದು, ಅಷ್ಟು ಚೆನ್ನಾಗಿ ಆಗುವುದಿಲ್ಲ. ಬಾಲವನ್ನು ಎತ್ತಿದರೆ ಅದರ ಕೊನೆಯ ಗದ್ದಲವೂ ಎದ್ದು ಬರುತ್ತದೆ. ಆದ್ದರಿಂದ ಖಾಲಿ ಇರುವಾಗ ಅಳೆಯುವುದೇ ಸರಿ.

ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು: "ನನ್ನ ಹತ್ತಿರ ಮೊಬೈಲ್ ಬಿಟ್ಟರೆ ಏನೂ ಇಲ್ಲ. ಬಲೂನು ಒಡೆದು ಮೊಬೈಲಿನಲ್ಲೇ ರೆಕಾರ್ಡ್ ಮಾಡಿದರೆ ನಡೆಯುತ್ತದಾ?" ನಡೆಯುತ್ತದಮ್ಮ, ಒಂದು ಎಚ್ಚರಿಕೆಯ ಮೇಲೆ. ಮೊಬೈಲಿನ ಸಾಮಾನ್ಯ ರೆಕಾರ್ಡರ್ ದೊಡ್ಡ ಶಬ್ದ ಬಂದಾಗ ಮಟ್ಟವನ್ನು ತಾನಾಗಿ ಕೆಳಗಿಳಿಸಿ, ಶಬ್ದ ಸಣ್ಣದಾಗುತ್ತಿದ್ದಂತೆ ಮೇಲೆತ್ತುತ್ತದೆ. ಬಲೂನಿನ ಪೆಟ್ಟು ಕುಗ್ಗಿ, ಬಾಲ ಉಬ್ಬಿ, ಸಭಾಂಗಣ ಇದ್ದದ್ದಕ್ಕಿಂತ ದೊಡ್ಡದಾಗಿ ಕೇಳುತ್ತದೆ. ಮಟ್ಟವನ್ನು ಕೈಯಲ್ಲಿ ಹೊಂದಿಸಲು ಬಿಡುವ, ಗದ್ದಲ ಕಳೆಯುವ ಸೌಲಭ್ಯವನ್ನು ಆರಿಸಲು ಬರುವ, ವೇವ್ ಫೈಲು ಕೊಡುವ ರೆಕಾರ್ಡಿಂಗ್ ಆ್ಯಪ್ ಹಾಕಿಕೊಂಡು, ಪೆಟ್ಟಿನ ತುದಿ ಕತ್ತರಿಸಿಹೋಗದಷ್ಟು ಮಟ್ಟ ಇಳಿಸಿ ರೆಕಾರ್ಡ್ ಮಾಡಿ. ಐದಾರು ಬಲೂನು ಒಡೆಯಿರಿ. ಸರಾಸರಿ ತೆಗೆಯಬೇಡಿ, ಅವುಗಳಲ್ಲಿ ಕೇಳಲು ಚೆನ್ನಾಗಿರುವ ಒಂದನ್ನು ಆರಿಸಿಕೊಳ್ಳಿ.